ಎರಡನೇ ಪದದಲ್ಲಿ ಕೈಕೊಡುವ ಸೂತ್ರ

ಸ್ಪರ್ಧಾತ್ಮಕ ಪರೀಕ್ಷೆಗಳ ಮಾನಸಿಕ ಸಾಮರ್ಥ್ಯ ವಿಭಾಗದಲ್ಲಿ ಕೋಡಿಂಗ್-ಡಿಕೋಡಿಂಗ್ ಸುಲಭದ ಪ್ರಶ್ನೆ ಎಂದೇ ಹೆಸರು. ಇಂಗ್ಲಿಷ್ ವರ್ಣಮಾಲೆ ಬಂದರೆ ಸಾಕು, ಎರಡು ಅಂಕ ಕೈಗೆ ಬಂದಂತೆ ಎಂದು ಕೋಚಿಂಗ್ ತರಗತಿಗಳಲ್ಲಿ ಹೇಳುತ್ತಾರೆ. ಹಾಗಿದ್ದೂ ಇಲ್ಲಿ ಅಂಕ ಹೋಗುತ್ತದೆ, ಅದೂ ಸೂತ್ರ ಬೇಗ ಹೊಳೆದವರದ್ದೇ ಹೆಚ್ಚಾಗಿ ಹೋಗುತ್ತದೆ. ಮೊದಲ ಪದ ನೋಡಿದ ಕೂಡಲೇ ಲೆಕ್ಕ ಕೂಡಿಬರುತ್ತದೆ. ಎರಡನೇ ಪದಕ್ಕೆ ಹಚ್ಚಿದರೆ ಒಂದೋ ಎರಡೋ ಅಕ್ಷರ ತಪ್ಪುತ್ತದೆ. ಆಮೇಲೆ ಗಾಬರಿಯಲ್ಲಿ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರು ಮಾಡುವುದು, ಅಥವಾ ಎರಡನೇ ಪದವನ್ನೇ ಮರೆತು ಗುರುತು ಹಾಕಿಬಿಡುವುದು.

ಎರಡೂ ಬೇಕಿಲ್ಲ. ಎರಡನೇ ಪದ ಎಲ್ಲಿ ತಪ್ಪಿತು, ಎಷ್ಟು ತಪ್ಪಿತು ಎಂದು ನೋಡಿದರೆ ನಿಜವಾದ ಸೂತ್ರ ಯಾವುದೆಂದು ಆ ತಪ್ಪೇ ಹೇಳುತ್ತದೆ. ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಇದನ್ನು ನೋಡೋಣ.

ಒಂದು ಸಂಕೇತ ಭಾಷೆಯಲ್ಲಿ LAKE ಪದವನ್ನು MELI ಎಂದೂ, BIRD ಪದವನ್ನು COSE ಎಂದೂ ಬರೆದರೆ, STONE ಪದವನ್ನು ಹೇಗೆ ಬರೆಯುತ್ತಾರೆ?

```
(1) TXPRF
(2) TUSOI
(3) TUUOI
(4) TVUPI
```

ಪ್ರಶ್ನೆಪತ್ರಿಕೆ ಕನ್ನಡದಲ್ಲಿದ್ದರೂ ಇಂಥ ಪ್ರಶ್ನೆಗಳಲ್ಲಿ ಸಂಕೇತದ ಪದಗಳು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತವೆ. ಸಿಬ್ಬಂದಿ ನೇಮಕಾತಿ ಆಯೋಗದ ಎಂಟಿಎಸ್ ಪರೀಕ್ಷೆಯನ್ನು 2023ರಿಂದ ಕನ್ನಡದಲ್ಲೂ ಬರೆಯಬಹುದಾಗಿದೆ. ಆದರೆ ಈ ಭಾಗದಲ್ಲಿ ಕನ್ನಡ ಮಾಧ್ಯಮದವರಿಗೂ A ಯಿಂದ Z ವರೆಗಿನ ಕ್ರಮಸಂಖ್ಯೆ ಬಾಯಿಗೆ ಬರಲೇಬೇಕು. A ಎಂದರೆ 1, Z ಎಂದರೆ 26. ನಡುವಿನವನ್ನು ಬೆರಳಲ್ಲಿ ಎಣಿಸುವ ಬದಲು EJOTY ಎಂಬ ಐದು ಅಕ್ಷರ ನೆನಪಿಟ್ಟುಕೊಳ್ಳುವುದು ರೂಢಿ: 5, 10, 15, 20, 25. ಉಳಿದ ಯಾವ ಅಕ್ಷರವಾದರೂ ಇವುಗಳಿಂದ ಎರಡು ಹೆಜ್ಜೆಯೊಳಗೇ ಸಿಗುತ್ತದೆ. ಮೊದಲಲ್ಲಿರುವ A, B ಗಳಿಗೆ ಎಣಿಕೆಯೇ ಬೇಡ.

ಈಗ ಮೊದಲ ಪದ. ರಫ್ ಹಾಳೆಯಲ್ಲಿ ಮೂಲ ಪದ ಮೇಲೆ, ಸಂಕೇತ ಕೆಳಗೆ, ಅದರ ಕೆಳಗೆ ವ್ಯತ್ಯಾಸ.

```
L   A   K   E
M   E   L   I
+1  +4  +1  +4
```

ಕಣ್ಣಿಗೆ ಮೊದಲು ಬೀಳುವುದು +1, +4, +1, +4 ಎಂಬ ಲಯ. ಬೆಸ ಸ್ಥಾನದ ಅಕ್ಷರ ಒಂದು ಮುಂದಕ್ಕೆ, ಸಮ ಸ್ಥಾನದ ಅಕ್ಷರ ನಾಲ್ಕು ಮುಂದಕ್ಕೆ. ಸೂತ್ರ ಸಿಕ್ಕಿತು ಎನ್ನಿಸುತ್ತದೆ. ಇದನ್ನು STONE ಪದಕ್ಕೆ ಹಚ್ಚಿದರೆ T, X, P, R, F ಬರುತ್ತದೆ. ಅದು ಆಯ್ಕೆ (1) ಆಗಿ ಕಾದು ಕೂತಿದೆ. ಆತುರಗಾರರು ಗುರುತು ಹಾಕುವುದು ಇಲ್ಲಿಯೇ.

ಗುರುತು ಹಾಕುವ ಮೊದಲು ಅದೇ ಸೂತ್ರದಿಂದ BIRD ಏನಾಗಬೇಕಿತ್ತು ಎಂದು ಬರೆದು, ಪ್ರಶ್ನೆಯಲ್ಲಿ ಕೊಟ್ಟದ್ದರ ಪಕ್ಕ ಇಡಿ. ಬರಬೇಕಾದ್ದು CMSH, ಕೊಟ್ಟಿರುವುದು COSE. ಮೊದಲ ಮತ್ತು ಮೂರನೇ ಅಕ್ಷರ ಸರಿ, ಎರಡನೆಯದೂ ನಾಲ್ಕನೆಯದೂ ತಪ್ಪು. ಇಲ್ಲಿ ಎಲ್ಲವನ್ನೂ ಅಳಿಸಬೇಡಿ. ಎರಡನೇ ಪದಕ್ಕೂ ವ್ಯತ್ಯಾಸದ ಸಾಲು ಬರೆಯಿರಿ.

```
B   I   R   D
C   O   S   E
+1  +6  +1  +1
```

B, R, D ಮೂರೂ ಒಂದೊಂದೇ ಸರಿದಿವೆ. I ಮಾತ್ರ ಬೇರೆ. D ನಾಲ್ಕನೇ ಸ್ಥಾನದಲ್ಲಿದ್ದರೂ ನಾಲ್ಕು ಸರಿಯಲಿಲ್ಲ, ಅಂದರೆ ಬೆಸ-ಸಮದ ಮಾತು ಅಲ್ಲಿಗೆ ಮುಗಿಯಿತು. ಈ ಪದದಲ್ಲಿ I ಅಕ್ಷರಕ್ಕಿರುವ ವಿಶೇಷವೆಂದರೆ ಅದೊಂದೇ ಸ್ವರ. ಹಿಂತಿರುಗಿ LAKE ನೋಡಿದರೆ ಮೊದಲು ಮೋಸ ಹೋದದ್ದು ಹೇಗೆಂದು ತಿಳಿಯುತ್ತದೆ: ಅಲ್ಲಿ ಸ್ವರಗಳು ಎರಡನೇ ಮತ್ತು ನಾಲ್ಕನೇ ಸ್ಥಾನದಲ್ಲೇ ಕೂತಿವೆ. ವ್ಯಂಜನ, ಸ್ವರ, ವ್ಯಂಜನ, ಸ್ವರ ಎಂದು ಜೋಡಣೆಯಾದ ಪದದಲ್ಲಿ ‘ಸಮ ಸ್ಥಾನ’ ಮತ್ತು ‘ಸ್ವರ’ ಎರಡೂ ಒಂದೇ. ಬೇರ್ಪಡಿಸಿ ತೋರಿಸುವ ಶಕ್ತಿ ಆ ಪದಕ್ಕೇ ಇಲ್ಲ. ಇಂಗ್ಲಿಷ್‌ನಲ್ಲಿ ಇಂಥ ಪದಗಳು ಬೇಕಾದಷ್ಟಿವೆ: GATE, HOME, RIVE­R ಎಂದು ಪಟ್ಟಿ ಬೆಳೆಸಬಹುದು. ಪ್ರಶ್ನೆ ತೆಗೆಯುವವರಿಗೂ ಇದು ಚೆನ್ನಾಗಿ ಗೊತ್ತು.

ಹಾಗಾದರೆ ಎರಡನೇ ಸೂತ್ರ: ವ್ಯಂಜನ +1, ಸ್ವರ +4. LAKE ಪದಕ್ಕೆ ಇದೂ ಸರಿಹೋಗುತ್ತದೆ. BIRD ಪದಕ್ಕೆ ಹಚ್ಚಿದರೆ CMSE. ಈ ಸಲ ತಪ್ಪಿರುವುದು ಒಂದೇ ಅಕ್ಷರ. I ಗೆ M ಬರಬೇಕಿತ್ತು, O ಬಂದಿದೆ. ತಪ್ಪು ಎರಡರಿಂದ ಒಂದಕ್ಕೆ ಇಳಿದಿದೆ, ದಾರಿ ಸರಿಯಿದೆ ಎಂಬುದಕ್ಕೆ ಅದೇ ಗುರುತು.

ಈಗ ಸ್ವರಗಳನ್ನಷ್ಟೇ ಒಟ್ಟಿಗೆ ನೋಡಿ. A ಗೆ E, E ಗೆ I, I ಗೆ O. ಸ್ವರದ ಸಂಕೇತ ಮತ್ತೆ ಸ್ವರವೇ ಆಗಿದೆ. A, E, I, O, U ಎಂಬ ಐದರ ಸಾಲಿನಲ್ಲಿ ಒಂದು ಮುಂದಿನದು. A ಯಿಂದ E ಗೆ ನಾಲ್ಕು, E ಯಿಂದ I ಗೆ ನಾಲ್ಕು, ಆದರೆ I ನಿಂದ O ಗೆ ಆರು, O ನಿಂದ U ಗೂ ಆರು. LAKE ಪದದಲ್ಲಿ ನಾಲ್ಕರ ಅಂತರದ ಎರಡು ಸ್ವರಗಳನ್ನೇ ಇಟ್ಟಿದ್ದರಿಂದ ‘ಮುಂದಿನ ಸ್ವರ’ ಎಂಬ ಸೂತ್ರ ‘+4’ ಎಂಬ ವೇಷದಲ್ಲಿ ಕಂಡಿತು. ವ್ಯತ್ಯಾಸದ ಸಾಲಿನಲ್ಲಿ ಸ್ವರದ ಕೆಳಗೆ 4 ಮತ್ತು 6 ಎರಡೂ ಬಂದರೆ ಮೊದಲು ಇದನ್ನೇ ಅನುಮಾನಿಸಿ. ಹಿಂದಿನ ಸ್ವರವಾದರೆ ಅವೇ ಅಂಕಿಗಳು ಋಣದಲ್ಲಿ ಬರುತ್ತವೆ.

ಇನ್ನೊಂದು ಸಂದೇಹ ಉಳಿಯಿತು. ಸ್ವರಕ್ಕೆ ಮುಂದಿನ ಸ್ವರವಾದರೆ, ವ್ಯಂಜನಕ್ಕೆ ಮುಂದಿನ ವ್ಯಂಜನ ಇರಬಹುದಲ್ಲ? L ಗೆ M, K ಗೆ L, B ಗೆ C, R ಗೆ S ಎಲ್ಲ ಹಾಗೂ ಸರಿಯೇ. ಇದನ್ನು ತೀರ್ಮಾನಿಸುವುದು D ಒಂದೇ. ಅದರ ಮುಂದಿನ ಅಕ್ಷರ E, ಮುಂದಿನ ವ್ಯಂಜನ F. ಕೊಟ್ಟಿರುವ ಸಂಕೇತದಲ್ಲಿ E ಇದೆ. ಹಾಗಾಗಿ ವ್ಯಂಜನಗಳದ್ದು ಬರೀ ಒಂದು ಹೆಜ್ಜೆ. D, H, N, T, Z ಎಂಬ ಐದು ವ್ಯಂಜನಗಳು ಮಾತ್ರ ಸ್ವರದ ಹಿಂದೆಯೇ ನಿಂತಿರುವುದರಿಂದ (Z ಆದ ಮೇಲೆ ಮತ್ತೆ A), ಈ ಎರಡು ಸೂತ್ರಗಳ ವ್ಯತ್ಯಾಸ ತಿಳಿಯಲು ಇವುಗಳಲ್ಲಿ ಒಂದಾದರೂ ಪದದಲ್ಲಿರಬೇಕು. ಇಲ್ಲಿ ಕೇಳಿರುವ STONE ಪದದಲ್ಲಿ T ಮತ್ತು N ಎರಡನ್ನೂ ಇಟ್ಟಿರುವುದು ಆಕಸ್ಮಿಕವಲ್ಲ.

ಈಗ ಆಯ್ಕೆಗಳ ಕಡೆ ಮತ್ತೆ ನೋಡಿ. (1) ಬೆಸ-ಸಮದ ಸೂತ್ರ. (2) ಸ್ವರ +4 ಎಂಬ ಸೂತ್ರ. (4) ಮುಂದಿನ ಸ್ವರ, ಮುಂದಿನ ವ್ಯಂಜನ ಎಂಬ ಸೂತ್ರ. ನಾಲ್ಕೂ ಸೂತ್ರಗಳು LAKE ಪದವನ್ನು MELI ಮಾಡುತ್ತವೆ. BIRD ಪದವನ್ನು COSE ಮಾಡುವುದು ಮೂರನೆಯದೊಂದೇ. S ಗೆ T, T ಗೆ U, O ಗೆ U, N ಗೆ O, E ಗೆ I. ಉತ್ತರ TUUOI.

ತಪ್ಪು ಆಯ್ಕೆಗಳನ್ನು ಯಾರೂ ಮನಸ್ಸಿಗೆ ಬಂದಂತೆ ಬರೆಯುವುದಿಲ್ಲ, ಅರ್ಧ ದಾರಿಯಲ್ಲಿ ನಿಂತವರಿಗೆ ಸಿಗುವ ಉತ್ತರಗಳನ್ನೇ ಅಲ್ಲಿ ಇಟ್ಟಿರುತ್ತಾರೆ. ‘ನನ್ನ ಉತ್ತರ ಆಯ್ಕೆಗಳಲ್ಲಿ ಇದೆ, ಆದ್ದರಿಂದ ಸರಿ’ ಎಂಬ ಸಮಾಧಾನ ಈ ಬಗೆಯ ಪ್ರಶ್ನೆಗಳಲ್ಲಿ ನಡೆಯುವುದಿಲ್ಲ. ಆದರೆ ಇದರಿಂದಲೇ ಒಂದು ಅನುಕೂಲವೂ ಇದೆ. ಉಳಿದಿರುವ ಸೂತ್ರಗಳು ಯಾವ ಅಕ್ಷರದಲ್ಲಿ ಬೇರೆಯಾಗುತ್ತವೆ ಎಂದು ಗೊತ್ತಾದರೆ ಆ ಅಕ್ಷರವೊಂದನ್ನು ನೋಡಿದರೆ ಸಾಕು. (2) ಮತ್ತು (3) ನಡುವೆ ಇರುವ ಭೇದ ಮೂರನೇ ಅಕ್ಷರದ್ದು ಮಾತ್ರ: O ನಾಲ್ಕು ಸರಿದು S ಆಗಬೇಕೋ, ಮುಂದಿನ ಸ್ವರವಾಗಿ U ಆಗಬೇಕೋ. ಪೂರ್ತಿ ಪದ ಬರೆಯುವ ಕೆಲಸವೇ ಇಲ್ಲ.

ಮೊದಲು ನಿಮ್ಮ ಎಣಿಕೆ ಸರಿಯೇ ನೋಡಿ

ಎರಡನೇ ಪದದಲ್ಲಿ ಸೂತ್ರ ತಪ್ಪಿತು ಎಂದು ಅನ್ನಿಸಿದ ಎಷ್ಟೋ ಸಲ ತಪ್ಪಿರುವುದು ಸೂತ್ರವಲ್ಲ, Z ದಾಟುವಾಗಿನ ಲೆಕ್ಕ. COLD ಪದಕ್ಕೆ FROG, LAZY ಪದಕ್ಕೆ ODCB ಎಂದು ಕೊಟ್ಟಿದ್ದಾರೆ ಎನ್ನಿ. ಮೊದಲನೆಯದರಲ್ಲಿ ನಾಲ್ಕೂ ಅಕ್ಷರ +3. ಎರಡನೆಯದರ ಸಾಲು ಹೀಗೆ ಬರುತ್ತದೆ:

```
L   A   Z    Y
O   D   C    B
+3  +3  -23  -23
```

ಮೊದಲರ್ಧಕ್ಕೆ ಒಂದು ಸೂತ್ರ, ಎರಡನೇ ಅರ್ಧಕ್ಕೆ ಇನ್ನೊಂದು ಸೂತ್ರ ಎಂದು ತಲೆ ಓಡುವ ಮೊದಲು -23 ಕ್ಕೆ 26 ಕೂಡಿಸಿ. +3 ಸಿಗುತ್ತದೆ. ವರ್ಣಮಾಲೆಯನ್ನು ಸುತ್ತಾಗಿ ನೋಡುವುದರಿಂದ Z ಆದ ಮೇಲೆ A ಬರುತ್ತದೆ, ಯಾವ ವ್ಯತ್ಯಾಸಕ್ಕೂ 26 ಕೂಡಿದರೆ ಅಥವಾ ಕಳೆದರೆ ಅರ್ಥ ಬದಲಾಗುವುದಿಲ್ಲ. ವ್ಯತ್ಯಾಸದ ಸಾಲಿನಲ್ಲಿ 13ಕ್ಕಿಂತ ದೊಡ್ಡ ಅಂಕಿ ಕಂಡಾಗಲೆಲ್ಲ ಅದರ ಜೊತೆ 26ರ ಲೆಕ್ಕದ ಇನ್ನೊಂದು ರೂಪವನ್ನೂ ಪಕ್ಕದಲ್ಲಿ ಬರೆದುಕೊಳ್ಳುವುದು ಒಳ್ಳೆಯ ಅಭ್ಯಾಸ. ಅಂದಹಾಗೆ, ಮೂರು ಅಕ್ಷರ ಸರಿಸುವ ಈ ಉಪಾಯ ಪರೀಕ್ಷೆಗಳಿಗಿಂತ ಬಹಳ ಹಳೆಯದು. ಜೂಲಿಯಸ್ ಸೀಸರ್ ಗುಟ್ಟಿನ ಪತ್ರಗಳನ್ನು ಹೀಗೇ ಬರೆಯುತ್ತಿದ್ದ, ಓದಬೇಕಾದವರು A ಜಾಗದಲ್ಲಿ D ಎಂಬ ಲೆಕ್ಕ ಹಿಡಿಯಬೇಕಿತ್ತು ಎಂದು ರೋಮನ್ ಚರಿತ್ರಕಾರ ಸ್ವೆಟೋನಿಯಸ್ ಬರೆದಿಟ್ಟಿದ್ದಾನೆ.

ಸಾಲು ನೇರವಾಗಿದೆ, ಅಂಕಿ ಬೇರೆ

ಕೆಲವೊಮ್ಮೆ ಎರಡನೇ ಪದದ ಎಲ್ಲ ಅಕ್ಷರಗಳೂ ಒಟ್ಟಾಗಿ ತಪ್ಪುತ್ತವೆ, ಆದರೆ ಒಂದೇ ಅಳತೆಯಲ್ಲಿ. MILK ಪದಕ್ಕೆ QMPO, BREAD ಪದಕ್ಕೆ GWJFI. ಮೊದಲನೆಯದರಲ್ಲಿ ಎಲ್ಲ +4. ಅದನ್ನು BREAD ಪದಕ್ಕೆ ಹಚ್ಚಿದರೆ ಒಂದು ಅಕ್ಷರವೂ ಕೂಡುವುದಿಲ್ಲ. ವ್ಯತ್ಯಾಸ ಬರೆದು ನೋಡಿದರೆ ಐದೂ ಅಕ್ಷರ +5.

ಇಂಥಲ್ಲಿ ಅಕ್ಷರಗಳ ಒಳಗೆ ಹುಡುಕುವುದು ವ್ಯರ್ಥ. ಒಳಗೆ ಏನೂ ಏರುಪೇರಿಲ್ಲ. ಬದಲಾದದ್ದು ಪದದ ಯಾವುದೋ ಒಂದು ಒಟ್ಟು ಗುಣ, ಮತ್ತು ಅದು ಬಹುಪಾಲು ಅಕ್ಷರಗಳ ಸಂಖ್ಯೆಯೇ. MILK ನಾಲ್ಕು ಅಕ್ಷರ, ನಾಲ್ಕು ಹೆಜ್ಜೆ. BREAD ಐದು ಅಕ್ಷರ, ಐದು ಹೆಜ್ಜೆ. BUTTER ಕೇಳಿದರೆ ಆರು ಹೆಜ್ಜೆ: HAZZKX.

ಆದರೆ ಇಲ್ಲಿ ಎರಡು ಪದಗಳೂ ಸೇರಿ ಪೂರ್ತಿ ಸಾಕ್ಷಿ ಹೇಳುತ್ತಿಲ್ಲ. MILK ಪದದಲ್ಲಿ ಒಂದು ಸ್ವರ, BREAD ಪದದಲ್ಲಿ ಎರಡು. ‘ಸ್ವರಗಳ ಸಂಖ್ಯೆಗೆ ಮೂರು ಕೂಡಿಸು’ ಎಂದರೂ 4 ಮತ್ತು 5 ಬರುತ್ತದೆ. ಆ ಲೆಕ್ಕದಲ್ಲಿ BUTTER ಐದೇ ಹೆಜ್ಜೆ ಸರಿದು GZYYJW ಆಗುತ್ತದೆ. ಯಾವುದು ಸರಿ? ಕೊಟ್ಟ ಮಾಹಿತಿಯೊಳಗೆ ಎರಡೂ ತಪ್ಪಲ್ಲ. ಪರೀಕ್ಷೆಯ ರೂಢಿಯಲ್ಲಿ ಹೊರಗಿನಿಂದ ಒಂದು ಅಂಕಿಯನ್ನು ತಂದು ಸೇರಿಸದ ಸೂತ್ರ, ಅಂದರೆ ಅಕ್ಷರಗಳ ಸಂಖ್ಯೆಯ ಸೂತ್ರ, ಮುಂದೆ ನಿಲ್ಲುತ್ತದೆ. ಆಯ್ಕೆಗಳಲ್ಲಿ ಇವೆರಡರಲ್ಲಿ ಒಂದೇ ಇದ್ದರೆ ಚಿಂತೆಯೇ ಇಲ್ಲ.

ಇದೇ ಗುಂಪಿಗೆ ಸೇರುವ ಇನ್ನೊಂದು ತೊಡಕು ಪದ ಉದ್ದವಾದಾಗ ಬರುತ್ತದೆ. RAIN ಪದಕ್ಕೆ SCLR ಕೊಟ್ಟರೆ +1, +2, +3, +4 ಎಂದು ಕಾಣುತ್ತದೆ. CLOUD ಪದದ ಐದನೇ ಅಕ್ಷರ +5 ಆಗಿ I ಆಗುತ್ತದೋ, ನಾಲ್ಕಾದ ಮೇಲೆ ಮತ್ತೆ +1 ಶುರುವಾಗಿ E ಆಗುತ್ತದೋ ಎಂದು ನಾಲ್ಕಕ್ಷರದ ಪದ ಹೇಳಲಾರದು. ಎರಡನೇ ಪದ ಮೊದಲಿನದಕ್ಕಿಂತ ಉದ್ದವಿದ್ದು ಕೊನೆಯ ಅಕ್ಷರ ಮಾತ್ರ ತಪ್ಪುತ್ತಿದ್ದರೆ ಸೂತ್ರವನ್ನು ಬಿಡಬೇಡಿ, ಅದು ಮುಂದುವರಿಯುವ ರೀತಿಯನ್ನು ಮಾತ್ರ ತಿದ್ದಿಕೊಳ್ಳಿ.

ಅಂಕಿಗಳು ಚೆಲ್ಲಾಪಿಲ್ಲಿಯಾದಾಗ

ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುವುದು ಈ ಬಗೆ. LEVEL ಪದಕ್ಕೆ MFWFM ಎಂದಿದೆ. ಎಲ್ಲ +1, ಇದಕ್ಕಿಂತ ಸುಲಭದ ಸೂತ್ರ ಇಲ್ಲ. ನಂತರ ROAD ಪದಕ್ಕೆ EBPS ಎಂದಿದೆ.

```
R    O    A    D
E    B    P    S
-13  -13  +15  +15
```

ಒಂದು ಹೆಜ್ಜೆ ಎಲ್ಲಿ, ಹದಿಮೂರು ಹದಿನೈದು ಎಲ್ಲಿ? 26 ಕೂಡಿಸಿ ಕಳೆದು ನೋಡಿದರೂ ಒಂದಾಗುವುದಿಲ್ಲ. ದೊಡ್ಡ ಅಂಕಿಗಳು ಧನ, ಋಣ ಎರಡೂ ಕಡೆ ಚೆಲ್ಲಿದ್ದರೆ ಅಕ್ಷರಗಳ ಜಾಗ ಅದಲುಬದಲಾಗಿದೆ ಎಂದು ಅನುಮಾನಿಸಬೇಕು. ಅದನ್ನು ಖಚಿತಪಡಿಸಿಕೊಳ್ಳಲು ಒಂದು ಚಿಕ್ಕ ಪರೀಕ್ಷೆ ಇದೆ, ತರಗತಿಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ವ್ಯತ್ಯಾಸಗಳನ್ನೆಲ್ಲ ಕೂಡಿಸಿ. -26ಕ್ಕೆ +30 ಸೇರಿಸಿದರೆ 4. ಪದದಲ್ಲಿ ಅಕ್ಷರಗಳು ನಾಲ್ಕು. ನಾಲ್ಕನ್ನು ನಾಲ್ಕರಿಂದ ಭಾಗಿಸಿದರೆ ಒಂದು, ಅಂದರೆ ಸರಾಸರಿ ಒಂದು ಹೆಜ್ಜೆ. ಮೊದಲ ಪದ ಹೇಳಿದ್ದೂ ಅದನ್ನೇ!

ಕಾರಣ ಸರಳ. ಅಕ್ಷರಗಳನ್ನು ಹೇಗೇ ಕಲಸಿದರೂ ಅವುಗಳ ಕ್ರಮಸಂಖ್ಯೆಗಳ ಮೊತ್ತ ಬದಲಾಗುವುದಿಲ್ಲ. ಮೊತ್ತದಲ್ಲಿ ಏನಾದರೂ ಹೆಚ್ಚಾಗಿದ್ದರೆ ಅದು ಸರಿಸಿದ್ದರಿಂದ ಮಾತ್ರ. ROAD ಪದದ ಮೊತ್ತ 18+15+1+4, ಅಂದರೆ 38. EBPS ಮೊತ್ತ 5+2+16+19, ಅಂದರೆ 42. Z ದಾಟಿದ ಅಕ್ಷರವಿದ್ದರೆ ಮಾತ್ರ ಮೊತ್ತದಲ್ಲಿ 26 ಕಡಿಮೆ ಬೀಳುತ್ತದೆ, ಅದನ್ನು ಸೇರಿಸಿಕೊಳ್ಳಬೇಕು. ಇದೇ ಸೂತ್ರದಲ್ಲಿ LAZY ಪದ ZABM ಆಗುತ್ತದೆ. ಮೊತ್ತ 64ರಿಂದ 42ಕ್ಕೆ ಇಳಿಯುತ್ತದೆ. -22ಕ್ಕೆ 26 ಸೇರಿಸಿದರೆ ಮತ್ತೆ ಅದೇ 4.

ಹೆಜ್ಜೆ ಒಂದೇ ಎಂದು ಗೊತ್ತಾದ ಮೇಲೆ ಸಂಕೇತವನ್ನು ಒಂದು ಹೆಜ್ಜೆ ಹಿಂದಕ್ಕೆ ತನ್ನಿ. EBPS ಹಿಂದೆ ಸರಿದರೆ DAOR. ROAD ತಿರುಗಿ ಕೂತಿರುವುದು ಕಣ್ಣಿಗೇ ಕಾಣುತ್ತದೆ. ಪದವನ್ನು ತಿರುಗಿಸಿ ಬರೆದು ಒಂದೊಂದು ಅಕ್ಷರ ಮುಂದಕ್ಕೆ ಸರಿಸುವುದು ಸೂತ್ರ. ಇದೇ ಜಾಗದಲ್ಲಿ ORDA ಬಂದಿದ್ದರೆ ಅಕ್ಕಪಕ್ಕದ ಜೋಡಿ ಅದಲುಬದಲು, ADRO ಬಂದಿದ್ದರೆ ಎರಡು ಅರ್ಧಗಳು ಅದಲುಬದಲು. ಮೊದಲು ಹೆಜ್ಜೆ ತೆಗೆದುಹಾಕಿ ಆಮೇಲೆ ಜೋಡಣೆ ಓದಬೇಕು. ಎರಡನ್ನೂ ಒಟ್ಟಿಗೆ ಬಿಡಿಸಲು ಹೋದವರೇ ಇಲ್ಲಿ ಎರಡು ಮೂರು ನಿಮಿಷ ಕಳೆಯುವುದು.

LEVEL ಏಕೆ ಇದನ್ನು ಮುಚ್ಚಿಟ್ಟಿತು ಎಂದು ಹೇಳಬೇಕಾಗಿಲ್ಲ. ಹಿಂದಿನಿಂದ ಓದಿದರೂ ಅದು LEVEL. ಕೊಟ್ಟ ಮೊದಲ ಪದ NOON, MADAM, REFER ಥರದ್ದಾಗಿದ್ದರೆ ತಿರುಗಿಸುವ ಸೂತ್ರವೊಂದು ಒಳಗೆ ಇರಬಹುದು ಎಂದು ಮೊದಲೇ ಎಚ್ಚರವಾಗಬಹುದು.

ಚೆಲ್ಲಾಪಿಲ್ಲಿಯ ಇನ್ನೊಂದು ಮೂಲ ಎದುರಕ್ಷರ. A ಗೆ Z, B ಗೆ Y, C ಗೆ X. FED ಪದಕ್ಕೆ UVW ಎಂದರೆ ವ್ಯತ್ಯಾಸ +15, +17, +19. ಎಷ್ಟು ಚಂದದ ಸರಣಿ! CAB ಪದಕ್ಕೆ XZY ಬಂದಾಗ ಅದೇ ಸಾಲು +21, +25, +23 ಆಗಿ ಸರಣಿ ಮುರಿಯುತ್ತದೆ. F, E, D ವರ್ಣಮಾಲೆಯಲ್ಲಿ ಒಂದರ ಹಿಂದೊಂದು ಇಳಿದು ಬಂದ ಅಕ್ಷರಗಳಾದ್ದರಿಂದ ಇಲ್ಲದ ಸರಣಿ ಹುಟ್ಟಿತ್ತು. ಕಳೆಯುವ ಬದಲು ಮೇಲಿನದನ್ನೂ ಕೆಳಗಿನದನ್ನೂ ಕೂಡಿಸಿ ನೋಡಿದರೆ ಎಲ್ಲ ಕಡೆಯೂ 27. ಕೂಡಿಸುವ ಕೆಲಸ ಬೇಕೋ ಬೇಡವೋ ಎಂದು ತಿಳಿಯಲು ಒಂದು ಸುಳಿವು: ಬರೀ ಎದುರಕ್ಷರವಾಗಿದ್ದರೆ ಪ್ರತಿ ವ್ಯತ್ಯಾಸವೂ ಬೆಸ ಸಂಖ್ಯೆಯೇ ಆಗಿರುತ್ತದೆ. ಸಾಲಿನಲ್ಲಿ ಒಂದೇ ಒಂದು ಸಮ ಸಂಖ್ಯೆ ಕಂಡರೂ ಆ ಸೂತ್ರವನ್ನು ಕೈಬಿಡಬಹುದು. ಎದುರಕ್ಷರ ಹಾಕಿ ಆಮೇಲೆ ಎಲ್ಲವನ್ನೂ ಒಂದು ಸರಿಸಿದ್ದರೆ ವ್ಯತ್ಯಾಸಗಳೆಲ್ಲ ಸಮವಾಗಿ, ಮೊತ್ತ 28 ಆಗುತ್ತದೆ.

ಎರಡು ಸಲ ಬಂದ ಅಕ್ಷರ

ಇಷ್ಟರಲ್ಲಿ ಮೊದಲು ಯಾವುದನ್ನು ನೋಡಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ: ಒಂದೇ ಪದದಲ್ಲಿ ಅಥವಾ ಎರಡೂ ಪದಗಳಲ್ಲಿ ಮತ್ತೆ ಬಂದಿರುವ ಅಕ್ಷರ. BANANA ಪದಕ್ಕೆ CCQESG ಎಂದರೆ ಒಂದೇ A ಮೊದಲು C, ಆಮೇಲೆ E, ಕೊನೆಗೆ G ಆಗಿದೆ. ಅಕ್ಷರ ಅದೇ, ಸಂಕೇತ ಬೇರೆ, ಹಾಗಾಗಿ ಸ್ಥಾನಕ್ಕೆ ಬೆಲೆಯಿದೆ. ಸ್ವರ-ವ್ಯಂಜನದ ಸೂತ್ರವೂ ಎದುರಕ್ಷರದ ಸೂತ್ರವೂ ಒಂದೇ ನೋಟಕ್ಕೆ ಹೊರಬಿದ್ದವು.

ತಿರುಗಾಮುರುಗಾ ಹೇಳುವುದು ಅಷ್ಟು ಸುರಕ್ಷಿತವಲ್ಲ. TOMATO ಪದಕ್ಕೆ UNNZUN ಎಂದಿದೆ. ಎರಡು T ಗೂ U, ಎರಡು O ಗೂ N. ಸ್ಥಾನಕ್ಕೆ ಬೆಲೆಯಿಲ್ಲ, ವ್ಯಂಜನ +1, ಸ್ವರ -1 ಎಂದು ನಿರ್ಧರಿಸಲು ಕೈ ಮುಂದಾಗುತ್ತದೆ. ಆದರೆ T ಇರುವುದು ಒಂದನೇ ಮತ್ತು ಐದನೇ ಸ್ಥಾನದಲ್ಲಿ, ಎರಡೂ ಬೆಸ. O ಇರುವುದು ಎರಡು ಮತ್ತು ಆರನೇ ಸ್ಥಾನದಲ್ಲಿ, ಎರಡೂ ಸಮ. ಬೆಸ +1, ಸಮ -1 ಎಂಬ ಸೂತ್ರಕ್ಕೂ ಈ ಪದ ಅಷ್ಟೇ ಚೆನ್ನಾಗಿ ಒಪ್ಪುತ್ತದೆ. ಮತ್ತೆ ಬಂದ ಅಕ್ಷರ ಒಮ್ಮೆ ಬೆಸದಲ್ಲೂ ಒಮ್ಮೆ ಸಮದಲ್ಲೂ ಕೂತಿದ್ದರೆ ಮಾತ್ರ ಅದರ ಸಾಕ್ಷಿಯನ್ನು ಪೂರ್ತಿ ನಂಬಬಹುದು.

ಪ್ರಶ್ನೆಯೇ ತಪ್ಪಿದ್ದರೆ

ಎಲ್ಲ ನೋಡಿದ ಮೇಲೂ ಉದ್ದನೆಯ ಪದದಲ್ಲಿ ಒಂದೇ ಅಕ್ಷರ ಒಂದೇ ಹೆಜ್ಜೆ ಆಚೀಚೆ ಇದೆ ಎಂದಿಟ್ಟುಕೊಳ್ಳಿ. ಅದು ಸ್ವರವೇ, ನಟ್ಟನಡುವಿನ ಅಕ್ಷರವೇ, ಕೊನೆಯದೇ, ಜೋಡಿಯಾಗಿ ಬಂದದ್ದೇ ಎಂದು ನೋಡಿ. ಯಾವುದೂ ಅಲ್ಲದಿದ್ದರೆ ಅಚ್ಚಿನ ತಪ್ಪಿರುವ ಸಾಧ್ಯತೆ ಇದೆ. ಅಭ್ಯಾಸದ ಪುಸ್ತಕಗಳಲ್ಲಿ ಇದು ಅಪರೂಪವಲ್ಲ. M ಮತ್ತು N, U ಮತ್ತು V ಅದಲುಬದಲಾಗಿರುವುದೇ ಹೆಚ್ಚು. ಮನೆಯಲ್ಲಿ ಓದುವಾಗ ಅಂಥ ಒಂದು ಅಕ್ಷರಕ್ಕಾಗಿ ವಿಚಿತ್ರ ಸೂತ್ರ ಕಟ್ಟಿಕೊಂಡು ಕೂರಬೇಡಿ.

ಪರೀಕ್ಷೆಯಲ್ಲಿ ಸಮಯದ ಲೆಕ್ಕ ಬೇರೆ. ಎಸ್‌ಎಸ್‌ಸಿ ಸಿಜಿಎಲ್ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಅಂದರೆ ಒಂದಕ್ಕೆ ಸರಾಸರಿ 36 ಸೆಕೆಂಡ್. ಎರಡು ಪದಗಳ ವ್ಯತ್ಯಾಸದ ಸಾಲು ಬರೆಯಲು ಅಭ್ಯಾಸವಿದ್ದವರಿಗೆ ಅಷ್ಟರಲ್ಲಿ ಅರ್ಧ ಸಾಕು. ಸಾಲು ಬರೆದ ಮೇಲೂ ಎರಡು ಸೂತ್ರ, ಎರಡು ಆಯ್ಕೆ ಉಳಿದರೆ ಅಲ್ಲೇ ಜಗ್ಗಾಡದೆ ಸರಳ ಸೂತ್ರದ ಆಯ್ಕೆಗೆ ಗುರುತು ಹಾಕಿ ಮುಂದೆ ಹೋಗಿ. ಅಲ್ಲಿ ಸರಿ ಉತ್ತರಕ್ಕೆ 2 ಅಂಕ, ತಪ್ಪಿಗೆ 0.50 ಕಡಿತ, ಎರಡರಲ್ಲಿ ಒಂದನ್ನು ಊಹಿಸಿದರೂ ಸರಾಸರಿ ಮುಕ್ಕಾಲು ಅಂಕ ಲಾಭವೇ. ನಾಲ್ಕು ಆಯ್ಕೆಗಳಲ್ಲಿ ಕಣ್ಣು ಮುಚ್ಚಿ ಹಾಕಿದರೆ ಆ ಲಾಭ ಅರ್ಧ ಪಾವಿಗೆ, ಅಂದರೆ 0.125ಕ್ಕೆ ಇಳಿಯುತ್ತದೆ.

ತಾತ್ಕಾಲಿಕ ಕೀ ಉತ್ತರ ಪ್ರಕಟವಾದಾಗ ನಿಮ್ಮದಲ್ಲದ ಆಯ್ಕೆಯನ್ನು ಸರಿ ಎಂದಿದ್ದರೆ, ಆಕ್ಷೇಪಣೆ ಸಲ್ಲಿಸುವ ಮುನ್ನ ನಿಮ್ಮ ಸೂತ್ರವನ್ನು ಕೊಟ್ಟ ಎರಡೂ ಪದಗಳಿಗೆ ಅಕ್ಷರ ಅಕ್ಷರವಾಗಿ ಹಚ್ಚಿ ಬರೆಯಿರಿ. ಎರಡರಲ್ಲೂ ಪೂರ್ತಿ ಕೂಡಿದರೆ ಮಾತ್ರ ಕಳಿಸಿ. ಒಂದು ಪದಕ್ಕೆ ಮಾತ್ರ ಹೊಂದುವ ಸೂತ್ರಕ್ಕೆ ಅಲ್ಲಿಯೂ ಬೆಲೆಯಿಲ್ಲ.